ಮಳೆ ಬಂತು, ಫೋಟೊದಲ್ಲಿ ಮಳೆ ಎಲ್ಲಿ?

ಸಂಜೆ ಆರು ದಾಟಿದೆ. ರಾಜಾಜಿನಗರದ ನವರಂಗ್ ವೃತ್ತದ ಮೇಲೆ ಮೋಡ ಕಪ್ಪಾಗಿ ಕವಿದಿದೆ. ಮೊದಲು ನಾಲ್ಕು ದಪ್ಪ ಹನಿ ಬೀಳುತ್ತವೆ, ಆಮೇಲೆ ಧೋ ಎಂದು ಮಳೆ ಸುರಿಯುತ್ತದೆ. ಸ್ಕೂಟರಿನವರು ಅಂಗಡಿಗಳ ಸಜ್ಜಾದ ಕೆಳಗೆ ನುಗ್ಗುತ್ತಾರೆ. ಬಸ್ಸಿಗೆ ಕಾಯುತ್ತಿದ್ದವರು ಗೋಡೆಗೆ ಬೆನ್ನು ಅಂಟಿಸಿ ನಿಲ್ಲುತ್ತಾರೆ. ಹೂವಿನ ಅಂಗಡಿಯಾಕೆ ಬುಟ್ಟಿಯ ಮೇಲೆ ಪ್ಲಾಸ್ಟಿಕ್ ಹಾಳೆ ಎಳೆಯುತ್ತಾರೆ. ಸಿಗ್ನಲ್ಲಿನ ಕೆಂಪು ರಸ್ತೆಯ ಮೇಲೆ ಉದ್ದಕ್ಕೆ ಹರಿಯುತ್ತದೆ. ಸಜ್ಜಾದ ಕೆಳಗೆ ನಿಂತವರಲ್ಲಿ ನಾಲ್ಕಾರು ಜನರ ಕೈಗೆ ಆಗಲೇ ಫೋನು ಬಂದಿದೆ.

ಕ್ಲಿಕ್ ಮಾಡಿ ನೋಡಿದರೆ ಪರದೆಯ ಮೇಲೆ ಒದ್ದೆ ರಸ್ತೆ ಇದೆ, ಕೊಡೆಗಳಿವೆ, ದೀಪಗಳಿವೆ. ಮಳೆ ಮಾತ್ರ ಇಲ್ಲ. ಕಿವಿ ಗಡಚಿಕ್ಕುವಂತೆ ಸುರಿಯುತ್ತಿರುವ ಮಳೆ ಫೋಟೊದಲ್ಲಿ ನಿಂತೇ ಹೋದ ಹಾಗೆ ಕಾಣುತ್ತದೆ. ಮಳೆಗಾಲದ ಫೋಟೊಗಳ ಬಗ್ಗೆ ಹೆಚ್ಚಿನವರ ದೂರು ಇದೇ. ದೂರಿಗೆ ಕಾರಣವೂ ಇದೆ, ಫೋನಿನೊಳಗೇ ಪರಿಹಾರವೂ ಇದೆ.

ಎಲ್ಲ ಮಳೆಯೂ ಒಂದೇ ಅಲ್ಲ

ಬೆಂಗಳೂರಿನ ಪಶ್ಚಿಮದ ಬಡಾವಣೆಗಳಲ್ಲಿ ಮಳೆಗಾಲಕ್ಕೆ ಎರಡು ಮುಖ. ಜೂನ್, ಜುಲೈನ ಆರಿದ್ರಾ, ಪುನರ್ವಸು ಮಳೆಗಳು ಇಲ್ಲಿ ಬಹುತೇಕ ಸೋನೆ. ಮೋಡ ಕೆಳಗಿಳಿದಿರುತ್ತದೆ, ಪಡುವಣ ಗಾಳಿ ಬೀಸುತ್ತಿರುತ್ತದೆ, ಜಿಟಿಜಿಟಿ ಹನಿ ಬಂದು ಹೋಗುತ್ತಿರುತ್ತದೆ. ಬೆಳಕು ಇಡೀ ದಿನ ಒಂದೇ ಸಮ, ನೆರಳಿಲ್ಲ. ಸೆಪ್ಟೆಂಬರ್, ಅಕ್ಟೋಬರ್‌ನ ಉತ್ತರೆ, ಹಸ್ತ, ಚಿತ್ತೆಯ ಕಾಲ ಬೇರೆಯೇ. ಮಧ್ಯಾಹ್ನದವರೆಗೆ ಬಿಸಿಲು ಕಾದು, ಸಂಜೆಗೋ ರಾತ್ರಿಗೋ ಗುಡುಗಿನೊಂದಿಗೆ ಜಡಿಮಳೆ. ಸರಾಸರಿ ನೋಡಿದರೆ ಬೆಂಗಳೂರಿಗೆ ಅತಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್‌ನಲ್ಲಿ. ಅದು ಜೂನ್ ತಿಂಗಳ ಮಳೆಯ ಸುಮಾರು ಎರಡು ಪಟ್ಟು.

ಫೋಟೊ ತೆಗೆಯುವವರಿಗೆ ಈ ವ್ಯತ್ಯಾಸ ಮುಖ್ಯ. ಸೋನೆಯ ಹನಿ ಅರ್ಧ ಮಿಲಿಮೀಟರ್ ಗಾತ್ರದ್ದು. ಸೆಕೆಂಡಿಗೆ ಎರಡು ಮೀಟರಿನಷ್ಟು ನಿಧಾನವಾಗಿ ಇಳಿಯುತ್ತದೆ. ಅದನ್ನು ಫೋನ್ ಕ್ಯಾಮೆರಾ ಹಿಡಿಯುವುದು ಕಷ್ಟ, ಹಿಡಿದರೂ ಮಸುಕಾದ ತೆರೆಯಂತೆ ಕಾಣುತ್ತದೆ. ಜಡಿಮಳೆಯ ಎರಡು ಮಿಲಿಮೀಟರ್ ಹನಿ ಸೆಕೆಂಡಿಗೆ ಆರೂವರೆ ಮೀಟರ್ ವೇಗದಲ್ಲಿ ಬೀಳುತ್ತದೆ. ಗೆರೆಯಾಗಿ ಚಿತ್ರದಲ್ಲಿ ಮೂಡುವುದು ಈ ಹನಿ. ಆದ್ದರಿಂದ ಸೋನೆಯ ದಿನಗಳಲ್ಲಿ ಮಳೆಯ ಗೆರೆಗಾಗಿ ಒದ್ದಾಡುವುದು ವ್ಯರ್ಥ. ಆ ದಿನಗಳನ್ನು ಒದ್ದೆ ಎಲೆ, ಕೊಡೆ, ಮುಖಗಳಿಗೆ ಇಟ್ಟುಕೊಂಡು, ಗೆರೆಗಳಿಗೆ ಹಸ್ತದ ಸಂಜೆಗಳನ್ನು ಕಾಯುವುದು ಜಾಣತನ.

ಮಳೆಯನ್ನು ಅಳಿಸುವುದು ಫೋನೇ

ನೀವು ಒಂದು ಸಲ ಒತ್ತಿದರೆ ಈಗಿನ ಫೋನು ಒಂದು ಚಿತ್ರ ತೆಗೆಯುವುದಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಹಲವು ಚಿತ್ರ ತೆಗೆದು, ಒಂದರ ಮೇಲೊಂದು ಹೊಂದಿಸಿ, ಬೆರೆಸಿ, ಒಂದೇ ಚಿತ್ರ ಮಾಡಿ ಕೊಡುತ್ತದೆ. ಕತ್ತಲಲ್ಲಿ ಕಾಣುವ ಕಾಳುಕಾಳು ಚುಕ್ಕೆಗಳನ್ನು ತೆಗೆದುಹಾಕಲು ಮಾಡಿರುವ ಉಪಾಯ ಇದು. ಎಲ್ಲ ಚಿತ್ರಗಳಲ್ಲೂ ಇರುವುದು ಉಳಿಯುತ್ತದೆ, ಒಂದರಲ್ಲಿ ಮಾತ್ರ ಕಂಡದ್ದು ಕಸ ಎಂದು ಅಳಿದುಹೋಗುತ್ತದೆ. ಕಟ್ಟಡ, ಕಂಬ, ನಿಂತ ಮನುಷ್ಯ ಎಲ್ಲದರಲ್ಲೂ ಇರುತ್ತಾರೆ. ಮಳೆಹನಿ ಒಂದು ಚಿತ್ರದಲ್ಲಿ ಇದ್ದ ಜಾಗದಲ್ಲಿ ಮುಂದಿನದರಲ್ಲಿ ಇರುವುದಿಲ್ಲ. ಹಾಗಾಗಿ ಮಳೆಯೂ ಕಸದ ಜೊತೆಗೆ ಹೋಗುತ್ತದೆ. ಸಂಜೆಯ ಹೊತ್ತಿಗೆ ತಾನಾಗಿ ಹೊತ್ತಿಕೊಳ್ಳುವ ನೈಟ್ ಮೋಡ್ ಈ ಕೆಲಸವನ್ನು ಇನ್ನೂ ಜೋರಾಗಿ ಮಾಡುತ್ತದೆ. ಅದು ಒಂದೆರಡು ಸೆಕೆಂಡ್ ಹೊತ್ತು ಚಿತ್ರ ಕೂಡಿಸುತ್ತಲೇ ಇರುತ್ತದೆ.

ಎರಡನೆಯ ಕಾರಣ ಬೆಳಕಿನ ದಿಕ್ಕು. ಬೆಳಕಿಂಡಿಯಿಂದ ಅಡುಗೆಮನೆಗೆ ಬಿಸಿಲ ಕೋಲು ಬಿದ್ದಾಗ ಅದರಲ್ಲಿ ಆಡುವ ದೂಳು ಹೇಗೆ ಕತ್ತಲ ಗೋಡೆಯ ಎದುರು ಮಾತ್ರ ಕಾಣುತ್ತದೋ, ಮಳೆಹನಿಯೂ ಹಾಗೆಯೇ. ಹನಿ ತನ್ನ ಮೇಲೆ ಬಿದ್ದ ಬೆಳಕಿನ ಹೆಚ್ಚು ಪಾಲನ್ನು ಒಳಗಿಂದ ಬಾಗಿಸಿ ಮುಂದಕ್ಕೆ ಕಳಿಸುತ್ತದೆ. ಬೆಳಕು ಹನಿಯ ಹಿಂದೆ ಇದ್ದು, ನೀವು ಮುಂದೆ ಇದ್ದರೆ ಹನಿ ಮಿನುಗುತ್ತದೆ. ಬೆಳಕು ನಿಮ್ಮ ಬೆನ್ನ ಕಡೆ ಇದ್ದರೆ ಹನಿ ಅಷ್ಟಾಗಿ ಕಾಣುವುದಿಲ್ಲ. ಬಿಳಿ ಆಕಾಶದ ಎದುರಂತೂ ಎಂಥ ಮಳೆಯೂ ಮಾಯ.

ಇವೆರಡನ್ನೂ ಸೇರಿಸಿ ನೋಡಿದರೆ ದಾರಿ ತಾನಾಗಿ ತೆರೆಯುತ್ತದೆ. ಫೋನು ಬೆರೆಸುವುದನ್ನು ನಿಲ್ಲಿಸಬೇಕು. ಬೆಳಕು ಎದುರಿಗೆ, ಹಿನ್ನೆಲೆ ಕಪ್ಪಗೆ ಇರುವಂತೆ ನಿಲ್ಲಬೇಕು.

ವಿಜಯನಗರದಲ್ಲಿ ಒಂದು ಸಂಜೆಯ ಲೆಕ್ಕ

ಸೆಪ್ಟೆಂಬರ್ ಕೊನೆಯ ವಾರ ಎಂದುಕೊಳ್ಳಿ. ಬೆಂಗಳೂರಿನಲ್ಲಿ ಆಗ ಸೂರ್ಯ ಮುಳುಗುವುದು ಆರು ಗಂಟೆ ಹತ್ತು ನಿಮಿಷದ ಸುಮಾರಿಗೆ. ಅಲ್ಲಿಂದ ಮುಂದಿನ ಇಪ್ಪತ್ತು ನಿಮಿಷ ಆಕಾಶ ನೀಲಿಯಾಗಿರುತ್ತದೆ, ಬೀದಿದೀಪಗಳೂ ಹತ್ತಿರುತ್ತವೆ. ಎರಡು ಬೆಳಕೂ ಸಮಸಮ ಇರುವ ಹೊತ್ತು ಇದು. ನಮ್ಮ ಊರು ಭೂಮಧ್ಯರೇಖೆಗೆ ಹತ್ತಿರವಿರುವುದರಿಂದ ಮುಸ್ಸಂಜೆ ಬೇಗ ಮುಗಿಯುತ್ತದೆ. ಆರೂ ಮುಕ್ಕಾಲಿಗೆ ಆಕಾಶ ಬರೀ ಕಪ್ಪು.

ಜಾಗ ವಿಜಯನಗರ, ನೇರಳೆ ಮಾರ್ಗದ ಮೆಟ್ರೊ ಹಾದುಹೋಗುವ ರಸ್ತೆ. 2015ರ ನವೆಂಬರ್‌ನಲ್ಲಿ ಈ ಭಾಗಕ್ಕೆ ರೈಲು ಬಂದಾಗಿನಿಂದ ತಲೆಯ ಮೇಲೆ ಕಾಂಕ್ರೀಟಿನ ಅಗಲ ಸೂರು ಸಿಕ್ಕಿದೆ. ಮಳೆಯ ಫೋಟೊಗೆ ಅದರಷ್ಟು ಒಳ್ಳೆಯ ಜಾಗ ಪಶ್ಚಿಮ ಬೆಂಗಳೂರಿನಲ್ಲಿ ಕಡಿಮೆ ಎಂಬುದು ನನ್ನ ಅಭಿಪ್ರಾಯ. ಸೇತುವೆಯ ಅಡಿಭಾಗ ಯಾವಾಗಲೂ ನೆರಳು, ಹಿನ್ನೆಲೆಗೆ ಬೇಕಾದ ಕಪ್ಪು ಅದೇ. ಎದುರಿನಿಂದ ಬರುವ ಬಸ್ಸು, ಆಟೊಗಳ ದೀಪ ಹನಿಗಳಿಗೆ ಹಿಂದಿನಿಂದ ಬೆಳಕು ಕೊಡುತ್ತದೆ. ಸೇತುವೆಯ ಅಂಚಿನಿಂದ ನೀರು ತೆರೆಯಂತೆ ಇಳಿಯುತ್ತಿರುತ್ತದೆ. ನೀವು ನಿಲ್ಲಬೇಕಾದದ್ದು ನಡುವಿನ ಡಿವೈಡರಿನ ಮೇಲಲ್ಲ, ಫುಟ್‌ಪಾತಿನ ಪಕ್ಕದ ಅಂಗಡಿಯ ಸಜ್ಜಾದ ಕೆಳಗೆ. ನೀವು ಒಣಗಿರಬೇಕು, ಮಳೆ ನಿಮ್ಮ ಎದುರು ಬೀಳಬೇಕು.

ಕ್ಯಾಮೆರಾದಲ್ಲಿ Pro ಎಂಬ ಆಯ್ಕೆ ಇದ್ದರೆ ಅದಕ್ಕೆ ಹೋಗಿ. ಷಟರ್ ವೇಗವನ್ನು 1/100 ಸೆಕೆಂಡಿಗೆ ಇಡಿ. ಆ ಹೊತ್ತಿನಲ್ಲಿ ಆರೂವರೆ ಮೀಟರ್ ವೇಗದ ಹನಿ ಆರೂವರೆ ಸೆಂಟಿಮೀಟರ್ ಇಳಿದಿರುತ್ತದೆ. ಚಿತ್ರದಲ್ಲಿ ಅದು ಬೆರಳುದ್ದದ ಬೆಳ್ಳಿ ಗೆರೆ. 1/1000ಕ್ಕೆ ಹೋದರೆ ಗೆರೆ ಚುಕ್ಕೆಯಾಗಿ ಬಿಡುತ್ತದೆ, ಮಳೆಯ ರಭಸ ಕಾಣುವುದಿಲ್ಲ. 1/15ಕ್ಕೆ ಇಳಿದರೆ ಗೆರೆಗಳು ಉದ್ದವಾಗಿ ಮಸುಕಾಗಿ ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಕೈ ಅಲುಗಿದ್ದೂ ಸೇರಿಕೊಳ್ಳುತ್ತದೆ. ISO ಅನ್ನು 400ರಿಂದ 800ರ ನಡುವೆ ಇಟ್ಟು ಪರದೆ ನೋಡಿ ಹೊಂದಿಸಿ.

1/125 ಅನ್ನದೆ 1/100 ಅನ್ನುವುದಕ್ಕೆ ಕಾರಣವಿದೆ. ನಮ್ಮ ವಿದ್ಯುತ್ ಸೆಕೆಂಡಿಗೆ 50 ಸುತ್ತು ತಿರುಗುತ್ತದೆ, ಅದರಿಂದ ಉರಿಯುವ ಹಲವು ದೀಪಗಳು ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. ಕಣ್ಣಿಗೆ ತಿಳಿಯದ ಈ ಮಿಣುಕು ಚಿತ್ರದಲ್ಲಿ ಅಡ್ಡಡ್ಡ ಪಟ್ಟಿಗಳಾಗಿ ಬರುತ್ತದೆ. 1/100 ಅಥವಾ 1/50 ಇಟ್ಟರೆ ಪಟ್ಟಿ ಮಾಯವಾಗುತ್ತದೆ. ಇನ್ನೂ ಹೆಚ್ಚು ಬಾರಿ ಮಿಣುಕುವ ಎಲ್‌ಇಡಿ ದೀಪವಿದ್ದರೆ ಒಂದು ಸೊಗಸು ನೋಡಸಿಗುತ್ತದೆ. ಚಿತ್ರವನ್ನು ಹಿಗ್ಗಿಸಿ ನೋಡಿ, ಮಳೆಯ ಗೆರೆ ಒಂದೇ ಎಳೆಯಾಗಿರದೆ ತುಂಡುತುಂಡಾಗಿ ಮೂಡಿರುತ್ತದೆ. ದೀಪ ಹೊತ್ತಿದಾಗ ಕಂಡ ಹನಿ, ಆರಿದಾಗ ಕಾಣದೆ, ಮತ್ತೆ ಕಂಡಿದೆ.

ಆಮೇಲೆ ಕಾಯುವುದು. ಬಸ್ಸಿನ ದೀಪ ನೇರವಾಗಿ ಕಣ್ಣಿಗೆ ಹೊಡೆದರೆ ಇಡೀ ಚಿತ್ರದ ಮೇಲೆ ಬಿಳಿ ಪೊರೆ ಕವಿಯುತ್ತದೆ. ದೀಪ ಮೆಟ್ರೊ ಕಂಬದ ಅಂಚಿಗೆ ಬಂದು ಅರ್ಧ ಮರೆಯಾಗುವ ಕ್ಷಣ ನೋಡಿ ಒತ್ತಿ. ಕಂಬದ ಸುತ್ತ ಹನಿಗಳು ಹೊಳೆಯುತ್ತವೆ, ಕೊಡೆ ಹಿಡಿದು ದಾಟುವವರು ಕಪ್ಪು ಆಕೃತಿಗಳಾಗುತ್ತಾರೆ, ಮೇಲೆ ಸೇತುವೆಯ ಅಂಚಿಗೆ ಉಳಿದ ಆಕಾಶ ನೀಲಿಯಾಗಿರುತ್ತದೆ.

ಐಫೋನಿನ ಸ್ವಂತ ಕ್ಯಾಮೆರಾದಲ್ಲಿ ಷಟರ್ ವೇಗ ಇಡುವ ಆಯ್ಕೆ ಇಲ್ಲ, ಅದಕ್ಕೆ ಬೇರೆ ಕ್ಯಾಮೆರಾ ಆ್ಯಪ್ ಬೇಕು. ಅದೂ ಬೇಡವೆಂದರೆ ನೈಟ್ ಮೋಡ್ ಆಫ್ ಮಾಡಿ, ಅರ್ಧ ನಿಮಿಷ ವಿಡಿಯೊ ಮಾಡಿ, ಮನೆಗೆ ಬಂದು ಅದರಲ್ಲಿ ಒಳ್ಳೆಯ ಒಂದು ನಿಲುವನ್ನು ಚಿತ್ರವಾಗಿ ಉಳಿಸಿಕೊಳ್ಳಿ. ವಿಡಿಯೊದ ಒಂದೊಂದು ನಿಲುವೂ ಬಹುಮಟ್ಟಿಗೆ ಬಿಡಿಯಾಗಿ ತೆಗೆದದ್ದೇ ಆದ್ದರಿಂದ ಅದರಲ್ಲಿ ಮಳೆ ಉಳಿದಿರುತ್ತದೆ. ದೊಡ್ಡದಾಗಿ ಮುದ್ರಿಸಲು ಅದು ಸಾಲದು, ಫೋನಿನಲ್ಲಿ ನೋಡಲು ಧಾರಾಳ ಸಾಕು.

ಕೆಟ್ಟ ಚಿತ್ರ ಬಂದರೆ ಕಾರಣ ಚಿತ್ರದಲ್ಲೇ ಬರೆದಿರುತ್ತದೆ. ಮಳೆಯೇ ಇಲ್ಲದಿದ್ದರೆ ನೈಟ್ ಮೋಡ್ ಇನ್ನೂ ಉರಿಯುತ್ತಿದೆ. ದೊಡ್ಡ ದೊಡ್ಡ ಬಿಳಿ ಬಿಲ್ಲೆಗಳು ತೇಲುತ್ತಿದ್ದರೆ ಫ್ಲಾಷ್ ಹೊಡೆದಿದೆ, ಮೂಗಿನ ಎದುರಿನ ಹನಿಗಳಿಗೆ ಬೆಳಕು ಬಿದ್ದಿದೆ. ಎಲ್ಲವೂ ಹಾಲಿನ ತೆರೆಯ ಹಿಂದೆ ಇರುವಂತಿದ್ದರೆ ಲೆನ್ಸಿನ ಮೇಲೆ ಹನಿ ಕೂತಿದೆ. ಫೋನಿನ ಲೆನ್ಸು ಎಷ್ಟು ಚಿಕ್ಕದೆಂದರೆ ಒಂದೇ ಹನಿ ಅದನ್ನು ಪೂರ್ತಿ ಮುಚ್ಚಬಲ್ಲದು. ಹಳೆಯ ಹತ್ತಿ ಬನಿಯನ್ನಿನ ಒಂದು ತುಂಡು ಜೇಬಿನಲ್ಲಿರಲಿ. ಮೊದಲು ಒತ್ತಿ ನೀರು ಹೀರಿಸಿ, ಆಮೇಲೆ ಒರೆಸಿ. ರಸ್ತೆಯ ಎರಚಲಿನಲ್ಲಿ ಮರಳಿನ ಕಣ ಇರುತ್ತದೆ, ನೇರವಾಗಿ ತಿಕ್ಕಿದರೆ ಗಾಜು ಗೀರುತ್ತದೆ.

ಮಳೆ ನಿಂತ ಮೇಲೆ ರಸ್ತೆ

ಮಳೆ ಸುರಿಯುವಾಗಿನ ಗಡಿಬಿಡಿಗಿಂತ ಅದು ನಿಂತ ಮೇಲಿನ ಕಾಲು ಗಂಟೆ ನನಗೆ ಹೆಚ್ಚು ಇಷ್ಟ. ಬಸವೇಶ್ವರನಗರದ ಹಾವನೂರು ವೃತ್ತದ ಆಸುಪಾಸಿನ ಅಡ್ಡರಸ್ತೆಗಳಲ್ಲಿ ಆಗ ಮರಗಳಿಂದ ಮಾತ್ರ ಹನಿ ಉದುರುತ್ತಿರುತ್ತದೆ, ಟಾರು ರಸ್ತೆ ಕನ್ನಡಿಯಾಗಿರುತ್ತದೆ.

ಒದ್ದೆ ಟಾರು ಕನ್ನಡಿಯಾಗುವುದಕ್ಕೆ ಕಾರಣ ಸರಳ. ಒಣ ರಸ್ತೆಯ ಒರಟು ಮೈ ಬೆಳಕನ್ನು ಎಲ್ಲ ಕಡೆಗೆ ಚೆದುರಿಸುತ್ತದೆ. ನೀರಿನ ತೆಳು ಪದರ ಆ ಒರಟನ್ನು ಮುಚ್ಚಿ ನಯ ಮಾಡುತ್ತದೆ, ಜೊತೆಗೆ ಕೆಳಗಿನ ಟಾರು ಇನ್ನಷ್ಟು ಕಪ್ಪಾಗಿ ಕಾಣುತ್ತದೆ. ಆದರೆ ಆ ನೀರು ಎಷ್ಟು ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ ಎಂಬುದು ನೀವು ನೋಡುವ ಕೋನದ ಮೇಲಿದೆ. ನೇರ ಮೇಲಿನಿಂದ ಬಗ್ಗಿ ನೋಡಿದರೆ ನೂರರಲ್ಲಿ ಎರಡು ಪಾಲು ಮಾತ್ರ. ನೆಲಕ್ಕೆ ಹತ್ತಿರ ಕೂತು, ಹತ್ತು ಡಿಗ್ರಿಯಷ್ಟು ಓರೆಯಾಗಿ ನೋಡಿದರೆ ಅದೇ ನೀರು ಮೂರನೇ ಒಂದಕ್ಕಿಂತ ಹೆಚ್ಚು ಬೆಳಕನ್ನು ಹಿಂತಿರುಗಿಸುತ್ತದೆ. ನಿಂತು ತೆಗೆದ ಫೋಟೊದಲ್ಲಿ ಪೇಲವವಾಗಿದ್ದ ಪ್ರತಿಬಿಂಬ ಕುಕ್ಕರಗಾಲಲ್ಲಿ ಕೂತಾಗ ಥಟ್ಟನೆ ಜೀವ ತಳೆಯುವುದು ಇದರಿಂದ.

ಇನ್ನೂ ಕೆಳಕ್ಕೆ ಹೋಗಬೇಕೆಂದರೆ ಫೋನನ್ನು ತಲೆಕೆಳಗು ಮಾಡಿ. ಲೆನ್ಸು ಫೋನಿನ ಮೇಲ್ತುದಿಯಲ್ಲಿರುವುದರಿಂದ ತಿರುಗಿಸಿದಾಗ ಅದು ನೀರಿನಿಂದ ಎರಡೇ ಬೆರಳು ಮೇಲಿರುತ್ತದೆ. ಅಂಗೈಯಗಲದ ಗುಂಡಿಯ ನೀರೂ ಆಗ ಕೆರೆಯಷ್ಟು ದೊಡ್ಡದಾಗಿ ಕಾಣುತ್ತದೆ. ಫೋಕಸ್ ಮಾಡುವಾಗ ಬೆರಳನ್ನು ನೀರಿನ ಮೇಲಿನ ಎಲೆಗೋ ಕಸಕ್ಕೋ ಒತ್ತಬೇಡಿ, ಪ್ರತಿಬಿಂಬದ ದೀಪಕ್ಕೇ ಒತ್ತಿ. ಪ್ರತಿಬಿಂಬ ನೀರಿನ ಮೇಲೆ ಇರುವಂತೆ ಕಂಡರೂ ಲೆನ್ಸಿನ ಲೆಕ್ಕದಲ್ಲಿ ಅದು ನಿಜವಾದ ದೀಪದಷ್ಟೇ ದೂರದಲ್ಲಿದೆ. ರಾತ್ರಿಯ ಒದ್ದೆ ರಸ್ತೆಯಲ್ಲಿ ಫೋನು ಕತ್ತಲನ್ನು ನೋಡಿ ಗಾಬರಿಯಾಗಿ ಎಲ್ಲವನ್ನೂ ಬೆಳಗಿಸಲು ಹೋಗುತ್ತದೆ. ಫೋಕಸ್ ಮಾಡಿದ ಕೂಡಲೇ ಬರುವ ಸೂರ್ಯನ ಗುರುತನ್ನು ಕೆಳಕ್ಕೆ ಎಳೆದು ಬೆಳಕು ತಗ್ಗಿಸಿ. ಅಂಗಡಿಯ ಬೋರ್ಡಿನ ಅಕ್ಷರ ಓದಲು ಬರುವಷ್ಟು ತಗ್ಗಿದರೆ ಸರಿ.

ವೈಟ್ ಟಾಪಿಂಗ್ ಮಾಡಿದ ಕಾಂಕ್ರೀಟ್ ರಸ್ತೆಗಳಲ್ಲಿ ಇದೇ ಆಳ ಸಿಗುವುದಿಲ್ಲ. ಕೆಳಗಿನ ನೆಲವೇ ಬೂದುಬಿಳಿ ಇರುವುದರಿಂದ ಪ್ರತಿಬಿಂಬದ ಬಣ್ಣ ತೊಳೆದಂತಾಗುತ್ತದೆ. ಅಂಥ ಕಡೆ ನೀರು ನಿಂತ ಅಂಚನ್ನು ಹುಡುಕುವುದೇ ಮೇಲು.

ಮಳೆಯಿಲ್ಲದೆಯೂ ಮಳೆ

ಮಳೆಯನ್ನು ತೋರಿಸಲು ಗೆರೆಗಳೇ ಬೇಕೆಂದಿಲ್ಲ. ನ್ಯೂಜಿಲೆಂಡಿನ ಛಾಯಾಗ್ರಾಹಕ ಬ್ರಯನ್ ಬ್ರೇಕ್ 1960ರಲ್ಲಿ ನಮ್ಮ ದೇಶದ ಮಳೆಗಾಲವನ್ನು ಚಿತ್ರಿಸಲು ಬಂದಿದ್ದರು. ಆ ಸರಣಿಯಲ್ಲಿ ಜಗತ್ತಿಗೆಲ್ಲ ನೆನಪುಳಿದದ್ದು ಮುಖದ ಮೇಲೆ ಹನಿಗಳನ್ನು ಹೊತ್ತು ತಲೆಯೆತ್ತಿ ನಿಂತ ಹುಡುಗಿಯ ಚಿತ್ರ. ಆ ಹುಡುಗಿ ಮುಂದೆ ನಿರ್ದೇಶಕಿಯಾಗಿ ಹೆಸರಾದ ಅಪರ್ಣಾ ಸೇನ್. ಕೋಲ್ಕತ್ತದ ಒಂದು ತಾರಸಿಯಲ್ಲಿ ತೆಗೆದ ಆ ಚಿತ್ರದ ಮಳೆ ಗಿಡಕ್ಕೆ ನೀರು ಹನಿಸುವ ಕ್ಯಾನಿನದು. ಅಷ್ಟಾದರೂ ನೋಡಿದವರಿಗೆ ಮಳೆಯ ತಂಪು ತಟ್ಟುತ್ತದೆ. ಕಾರಣ ಆ ಮುಖ.

ವಿಜಯನಗರದ ಮಾರುಕಟ್ಟೆಯಲ್ಲಿ ಟಾರ್ಪಾಲಿನ ಕೆಳಗೆ ಸೊಪ್ಪು, ಹೂವು ಮಾರುವವರ ಮುಖಗಳಲ್ಲೂ ಮಳೆ ಇದೆ. ಮೊದಲು, “ಅಮ್ಮ, ಒಂದು ಫೋಟೊ ತೆಗೀಲಾ?” ಎಂದು ಕೇಳಿ. ಬೇಡ ಎಂದರೆ ಬಿಟ್ಟುಬಿಡಿ, ಮಳೆಗೆ ವ್ಯಾಪಾರ ಹಾಳಾದ ಸಂಜೆ ಅವರಿಗೆ ಫೋಟೊ ಬೇಡವಾಗಿರಬಹುದು. ಒಪ್ಪಿದರೆ ಒಂದು ವಿಷಯ ಗಮನಿಸಿ. ನೀಲಿ ಟಾರ್ಪಾಲಿನ ಕೆಳಗೆ ಬಿಳಿ ಮಲ್ಲಿಗೆಯೂ ಮನುಷ್ಯರ ಮುಖವೂ ನೀಲಿಯಾಗಿ ಬರುತ್ತವೆ, ಎಷ್ಟು ತಿದ್ದಿದರೂ ಚರ್ಮದ ಬಣ್ಣ ಸರಿಹೋಗುವುದಿಲ್ಲ. ನೀವೇ ಒಂದು ಹೆಜ್ಜೆ ಸರಿದು, ಅಂಗಡಿಯ ಬಲ್ಬಿನ ಬೆಳಕು ಅವರ ಕೆನ್ನೆಗೆ ಬೀಳುವ ಕಡೆಯಿಂದ ತೆಗೆಯಿರಿ.

ಕೆಂಗೇರಿಯ ಕಡೆ ಮಂಜು

ಮಂಜಿಗೆ ಊರಿನ ಅಂಚೇ ಸರಿ. ಸೆಪ್ಟೆಂಬರ್ ನಂತರ, ಸಂಜೆ ಮಳೆ ಬಂದು ರಾತ್ರಿ ಆಕಾಶ ತಿಳಿಯಾಗಿ ಗಾಳಿ ನಿಂತರೆ ನೆಲ ಬೇಗ ತಣಿಯುತ್ತದೆ, ಒದ್ದೆ ನೆಲದ ತೇವ ಬೆಳಗಿನ ಹೊತ್ತಿಗೆ ಮಂಜಾಗಿ ನಿಲ್ಲುತ್ತದೆ. ಮನೆಗಳು ಒತ್ತಾಗಿರುವ ರಾಜಾಜಿನಗರದಲ್ಲಿ ಅಷ್ಟಾಗಿ ಕಾಣದ ಈ ಕಾವಳ, ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದ ಮರಗಳ ನಡುವೆ, ಕೆಂಗೇರಿ ಉಪನಗರದ ಬಯಲುಗಳಲ್ಲಿ ಏಳೂವರೆಯವರೆಗೂ ಉಳಿಯುವುದುಂಟು. 2021ರ ಆಗಸ್ಟ್‌ನಲ್ಲಿ ಮೆಟ್ರೊ ಕೆಂಗೇರಿಯವರೆಗೆ ಬಂದ ಮೇಲೆ ಅಲ್ಲಿಗೆ ಹೋಗುವುದೂ ಸುಲಭವಾಗಿದೆ.

ಮಂಜಿನ ಮುಂದೆ ಫೋನು ಮಾಡುವ ತಪ್ಪು ರಾತ್ರಿಯದಕ್ಕೆ ತಿರುಗುಮುರುಗು. ಎದುರಿಗಿರುವುದೆಲ್ಲ ಬಿಳಿ ಎಂದು ಬೆಳಕನ್ನು ತಗ್ಗಿಸಿ ಮಂಜನ್ನು ಹೊಗೆಯಂತೆ ಬೂದು ಮಾಡುತ್ತದೆ. ಸೂರ್ಯನ ಗುರುತನ್ನು ಈಗ ಮೇಲಕ್ಕೆ ಎಳೆಯಿರಿ. EV ಅಂಕಿ ಕಾಣುವ ಫೋನಾದರೆ +0.7 ಸಾಕು. ಮಂಜು ಬಿಳಿಯಾಗಬೇಕು, ಆದರೆ ಸುಣ್ಣದ ಗೋಡೆಯಾಗಬಾರದು.

ಮಂಜೊಂದನ್ನೇ ತೆಗೆದರೆ ಏನೂ ಇಲ್ಲದ ಚಿತ್ರ. ಹತ್ತು ಹೆಜ್ಜೆ ದೂರದಲ್ಲಿ ಕಪ್ಪಗೆ ನಿಂತ ಒಂದು ಕಾಂಡ, ಅದರಾಚೆ ಬೂದುಬೂದಾದ ಇನ್ನೊಂದು ಮರ, ಅದರಾಚೆ ಇದೆಯೋ ಇಲ್ಲವೋ ಎಂಬಂತಿರುವ ಮೂರನೆಯದು, ಈ ಮೂರೂ ಒಂದೇ ಚೌಕಟ್ಟಿಗೆ ಬಂದಾಗ ಮಂಜಿಗೆ ಆಳ ಬರುತ್ತದೆ. ಫೋಕಸನ್ನು ಹತ್ತಿರದ ಕಾಂಡದ ಅಂಚಿಗೆ ಒತ್ತಿ ಹಿಡಿದು ಬೀಗ ಹಾಕಿ. ಇಲ್ಲದಿದ್ದರೆ ಕ್ಯಾಮೆರಾ ಮಂಜಿನಲ್ಲಿ ಹಿಡಿತ ಸಿಗದೆ ಹಿಂದಕ್ಕೂ ಮುಂದಕ್ಕೂ ಓಲಾಡುತ್ತದೆ. ದೃಶ್ಯ ನೋಡಿ ಬಣ್ಣ ಹೆಚ್ಚಿಸುವ ಆಯ್ಕೆ ನಿಮ್ಮ ಫೋನಿನಲ್ಲಿದ್ದರೆ ಆಫ್ ಮಾಡಿಬಿಡಿ, ಅದು ಮಂಜನ್ನು ದೋಷವೆಂದು ತಿಳಿದು ತೊಳೆಯಲು ಹೋಗುತ್ತದೆ.

ಮೈಸೂರು ರಸ್ತೆಯ ಉದ್ದಕ್ಕೂ ಹರಿದು ಕೆಂಗೇರಿ ದಾಟಿ ಅರ್ಕಾವತಿಯನ್ನು ಸೇರುವ ವೃಷಭಾವತಿಯ ಮೇಲೂ ಮಳೆಯ ನಂತರ ಬಿಳಿ ರಾಶಿ ಕಾಣುವುದುಂಟು. ಅದು ಮಂಜಲ್ಲ, ಕೊಳಚೆಯಲ್ಲಿ ಸೇರಿದ ಸಾಬೂನು, ರಾಸಾಯನಿಕಗಳ ನೊರೆ. ಅದನ್ನು ತೆಗೆಯುವುದಾದರೆ ನೊರೆ ಎಂದೇ ತೋರಿಸಿ, ಪಕ್ಕದ ಗೋಡೆ, ಪ್ಲಾಸ್ಟಿಕ್ಕು ಎಲ್ಲವೂ ಚೌಕಟ್ಟಿನಲ್ಲಿರಲಿ. ಅದನ್ನು ಹಿಮದಂತೆ ಚಂದಗಾಣಿಸುವುದು ಆ ನದಿಗೆ ಮಾಡುವ ಅನ್ಯಾಯ.

ನೀರು ತಡೆಯುವ ಫೋನು ಎಷ್ಟು ತಡೆಯುತ್ತದೆ?

ಡಬ್ಬಿಯ ಮೇಲೆ ಐಪಿ68 ಎಂದು ಬರೆದಿದ್ದರೆ ಮಳೆಗೆ ಹೆದರಬೇಕಿಲ್ಲ ಎಂದು ಅನೇಕರ ನಂಬಿಕೆ. ಇದರಲ್ಲಿ ಮೊದಲ ಅಂಕಿ ದೂಳಿಗೆ, ಎರಡನೆಯದು ನೀರಿಗೆ. ಕೊನೆಯ ಅಂಕಿ 4 ಇದ್ದರೆ ಎಲ್ಲ ಕಡೆಯ ಎರಚಲು ತಡೆಯುತ್ತದೆ ಎಂದರ್ಥ. 7 ಇದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ. 8 ಇದ್ದರೆ ಅದಕ್ಕಿಂತ ಹೆಚ್ಚು, ಎಷ್ಟೆಂದು ತಯಾರಕರು ಹೇಳಿರುತ್ತಾರೆ. ಈ ಪರೀಕ್ಷೆ ಹೊಸ ಫೋನಿಗೆ, ಪ್ರಯೋಗಾಲಯದ ಶುದ್ಧವಾದ ನಿಂತ ನೀರಿನಲ್ಲಿ ನಡೆದದ್ದು.

ನೀರನ್ನು ತಡೆಯುವುದು ತೆಳು ರಬ್ಬರು ಮತ್ತು ಅಂಟು. ಸಿಮ್ ಟ್ರೇ ಹೊರಗೆಳೆದು ನೋಡಿ, ಅದರ ಅಂಚಿಗೆ ದಾರದಷ್ಟು ತೆಳುವಾದ ರಬ್ಬರ್ ಉಂಗುರ ಇರುತ್ತದೆ. ಒಂದು ಕೂದಲು ಅಲ್ಲಿ ಸಿಕ್ಕಿಕೊಂಡರೂ ನೀರಿಗೆ ದಾರಿ. ಫೋನು ಕೆಳಗೆ ಬಿದ್ದು ಚೌಕಟ್ಟು ಬಾಗಿದ್ದರೆ, ಬೀದಿ ಬದಿಯ ಅಂಗಡಿಯಲ್ಲಿ ಗಾಜೋ ಬ್ಯಾಟರಿಯೋ ಬದಲಾಗಿದ್ದರೆ, ಆ ಅಂಟು ಮೊದಲಿನಂತೆ ಇರುತ್ತದೆಂಬ ಭರವಸೆ ಇಲ್ಲ. ನೀರು ಹೊಕ್ಕ ಫೋನಿಗೆ ಸಾಮಾನ್ಯವಾಗಿ ವಾರಂಟಿಯೂ ಸಿಗುವುದಿಲ್ಲ. ಹಲವು ಫೋನುಗಳ ಸಿಮ್ ಕಿಂಡಿಯೊಳಗೆ ಒಂದು ಬಿಳಿ ಚೀಟಿ ಇರುತ್ತದೆ, ನೀರು ತಾಗಿದರೆ ಅದು ಕೆಂಪಾಗುತ್ತದೆ. ಸರ್ವಿಸ್ ಸೆಂಟರಿನವರು ಮೊದಲು ನೋಡುವುದು ಅದನ್ನೇ.

ಆದ್ದರಿಂದ ಯಾವ ಫೋನಾದರೂ ಜಿಪ್ ಇರುವ ದಪ್ಪ ಪ್ಲಾಸ್ಟಿಕ್ ಚೀಲ ಒಳ್ಳೆಯದು. ಲೆನ್ಸಿರುವ ಜಾಗಕ್ಕೆ ಅಷ್ಟೇ ಅಗಲದ ತೂತು ಕತ್ತರಿಸಿ, ಸುತ್ತ ರಬ್ಬರ್ ಬ್ಯಾಂಡಿನಿಂದ ಬಿಗಿ ಮಾಡಿ. ಪ್ಲಾಸ್ಟಿಕ್ಕಿನ ಮೂಲಕವೇ ತೆಗೆದರೆ ದೀಪಗಳೆಲ್ಲ ಹರಡಿಕೊಳ್ಳುತ್ತವೆ. ಚಾರ್ಜಿಂಗ್ ಕಿಂಡಿ, ಸ್ಪೀಕರು ಚೀಲದೊಳಗೆ ಮುಚ್ಚಿರುತ್ತವೆ, ಬೆರಳಿನ ಸ್ಪರ್ಶ ಪ್ಲಾಸ್ಟಿಕ್ಕಿನ ಮೇಲಿನಿಂದಲೂ ನಾಟುತ್ತದೆ. ಆದರೆ ಒದ್ದೆಯಾದ ಫೋನನ್ನು ಚೀಲಕ್ಕೆ ಹಾಕಿ ಮುಚ್ಚಬೇಡಿ. ಫೋನಿನ ಬಿಸಿಗೆ ಆ ನೀರು ಆವಿಯಾಗಿ ಚೀಲದ ತಣ್ಣನೆಯ ಗೋಡೆಗೂ ಲೆನ್ಸಿಗೂ ಮತ್ತೆ ಹನಿಯಾಗಿ ಕೂರುತ್ತದೆ. ಮೊದಲು ಒರೆಸಿ, ಆಮೇಲೆ ಒಳಗಿಡಿ. ಚಪ್ಪಲಿ, ಬ್ಯಾಗಿನ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಒಂದಿದ್ದರೆ ಜೊತೆಗೆ ಹಾಕಿಡಿ.

ಪರದೆಯ ಮೇಲೆ ಹನಿ ಬಿದ್ದಾಗ ಫೋನು ತಾನೇ ತಾನಾಗಿ ಏನೇನೋ ತೆರೆಯುವುದನ್ನು ನೋಡಿರುತ್ತೀರಿ. ನಮ್ಮ ಬೆರಳನ್ನು ಪರದೆ ಗುರುತಿಸುವುದು ವಿದ್ಯುತ್ತಿನ ಸಣ್ಣ ಏರುಪೇರಿನಿಂದ, ನೀರಿನ ಹನಿಯೂ ಅದೇ ಏರುಪೇರು ಮಾಡುತ್ತದೆ. ಆಗ ಪರದೆಯೊಂದಿಗೆ ಗುದ್ದಾಡಬೇಡಿ. ಸಜ್ಜಾದ ಕೆಳಗೇ ಎಲ್ಲವನ್ನೂ ಹೊಂದಿಸಿಕೊಂಡು, ಮಳೆಯ ಕಡೆಗೆ ಚಾಚಿದ ಮೇಲೆ ವಾಲ್ಯೂಮ್ ಗುಂಡಿಯಿಂದ ಕ್ಲಿಕ್ ಮಾಡಿ.

ನೆನೆದರೆ ಅಕ್ಕಿ ಬೇಡ

ಎಷ್ಟು ಜಾಗ್ರತೆ ಮಾಡಿದರೂ ಒಮ್ಮೊಮ್ಮೆ ಫೋನು ನೆನೆಯುತ್ತದೆ. ಹಿಂದಿನ ಕವಚ ತೆಗೆಯಿರಿ, ಅದರ ಮೂಲೆಗಳಲ್ಲೇ ಹೆಚ್ಚು ನೀರು ಕೂತಿರುತ್ತದೆ. ಚಾರ್ಜಿಂಗ್ ಕಿಂಡಿ ಕೆಳಮುಖವಾಗಿರುವಂತೆ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ. ಒರೆಸಿ, ಫ್ಯಾನಿನ ಗಾಳಿ ಆಡುವಲ್ಲಿ ಇಡಿ. ಕನಿಷ್ಠ ಅರ್ಧ ಗಂಟೆ ಕಾಯಿರಿ. ತೇವವಿದೆ ಎಂಬ ಎಚ್ಚರಿಕೆ ಪರದೆಯಲ್ಲಿ ಬರುತ್ತಲೇ ಇದ್ದರೆ ಒಂದು ದಿನದವರೆಗೂ ಕಾಯಬೇಕಾಗಬಹುದು.

ಅಕ್ಕಿ ಡಬ್ಬದಲ್ಲಿ ಹುಗಿಯುವ ವಾಡಿಕೆ ಬಿಡುವುದೇ ಒಳ್ಳೆಯದು. ಅದರ ನುಚ್ಚು, ಹುಡಿ ಕಿಂಡಿಯೊಳಗೆ ಸೇರಿ ಫೋನು ಕೆಡಬಹುದು ಎಂದು ಆ್ಯಪಲ್ ಕಂಪನಿಯೇ ತನ್ನ ಗ್ರಾಹಕರಿಗೆ ಹೇಳಿದೆ. ಹೇರ್ ಡ್ರೈಯರ್, ಒಲೆಯ ಶಾಖವೂ ಬೇಡ, ಅಂಟು ಸಡಿಲಾಗುತ್ತದೆ. ಎಲ್ಲಕ್ಕಿಂತ ಹಾನಿ ಮಾಡುವುದು ಒದ್ದೆ ಕಿಂಡಿಗೆ ಚಾರ್ಜರ್ ಚುಚ್ಚುವುದು. ನೀರು ಮತ್ತು ವಿದ್ಯುತ್ತು ಸೇರಿದಾಗ ಒಳಗಿನ ಲೋಹದ ಮೊನೆಗಳು ತುಕ್ಕು ಹಿಡಿದು ಕರಗುತ್ತವೆ. ಅದು ಆ ರಾತ್ರಿಯೇ ತಿಳಿಯುವುದಿಲ್ಲ, ವಾರಗಳ ನಂತರ ಚಾರ್ಜ್ ನಿಲ್ಲತೊಡಗಿದಾಗ ತಿಳಿಯುತ್ತದೆ. ಲೆನ್ಸಿನ ಮೇಲಿನ ಮಬ್ಬು ಒರೆಸಿದರೂ ಹೋಗದಿದ್ದರೆ ಅದು ಗಾಜಿನ ಒಳಮೈಯಲ್ಲಿದೆ, ಅಂದರೆ ನೀರು ಒಳಹೊಕ್ಕಿದೆ. ಫೋನನ್ನು ಆರಿಸಿ, ಸರ್ವಿಸ್ ಸೆಂಟರಿಗೆ ಒಯ್ಯಿರಿ.

ಎಲ್ಲಿ ನಿಲ್ಲಬಾರದು

ಚೌಕಟ್ಟಿನೊಳಗೆ ಕಣ್ಣಿಟ್ಟವರಿಗೆ ಕಾಲ ಕೆಳಗಿನದು ಕಾಣುವುದಿಲ್ಲ. ನೀರು ನಿಂತ ರಸ್ತೆಯಲ್ಲಿ ಚರಂಡಿಯ ಚಪ್ಪಡಿ ಸರಿದಿರುವುದು ಗೊತ್ತಾಗುವುದಿಲ್ಲ. ರಾಜಕಾಲುವೆಯ ಅಂಚು, ಕೆರೆಯ ಏರಿಯ ಜಾರುಮಣ್ಣು ಯಾವ ಫೋಟೊಗೂ ತಕ್ಕ ಜಾಗವಲ್ಲ. 2024ರ ಅಕ್ಟೋಬರ್‌ನ ಮಳೆಯಲ್ಲಿ ತುಂಬಿದ್ದ ಕೆಂಗೇರಿ ಕೆರೆಯಲ್ಲಿ ಇಬ್ಬರು ಮಕ್ಕಳು ಮುಳುಗಿ ತೀರಿಕೊಂಡರು. ಗುಡುಗು ಕೇಳಿಸುತ್ತಿದ್ದರೆ ತಾರಸಿ, ಬಯಲು, ಒಂಟಿ ಮರ ಬಿಟ್ಟು ಒಳಗೆ ಬನ್ನಿ. ಮಳೆಯಲ್ಲಿ ವಿದ್ಯುತ್ ಕಂಬಕ್ಕೆ, ಟ್ರಾನ್ಸ್‌ಫಾರ್ಮರಿನ ಬೇಲಿಗೆ ಒರಗಿ ನಿಲ್ಲಬೇಡಿ. ತಂತಿ ಕಡಿದು ನೀರಿಗೆ ಬಿದ್ದಿರುವುದು ಕಂಡರೆ ಹತ್ತಿರ ಹೋಗಬೇಡಿ, ಬೇರೆಯವರನ್ನೂ ಬಿಡಬೇಡಿ. ಫೋಟೊ ತೆಗೆಯಲು ಹಿಡಿದ ಅದೇ ಫೋನಿನಿಂದ ಬೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಿ.